ಬೀಳ್ಕೊಡುಗೆಯ ಬರಹವನ್ನು ತಿದ್ದುವಾಗ

ಮೇ ತಿಂಗಳ 31ನೆಯ ತಾರೀಖು ನಮ್ಮ ಸರ್ಕಾರಿ ಶಾಲೆಗಳಲ್ಲಿ ಶಾಲು ಹಾರಗಳ ದಿನ. ಉಳಿದ ತಿಂಗಳುಗಳ ಕೊನೆಯ ದಿನಗಳಲ್ಲಿಯೂ ಯಾರಾದರೊಬ್ಬರು ವಯೋನಿವೃತ್ತಿ ಹೊಂದುತ್ತಲೇ ಇರುತ್ತಾರಾದರೂ, ಮೇ ಕೊನೆಗೆ ಅಂಥವರ ಸಂಖ್ಯೆ ಎದ್ದುಕಾಣುವಷ್ಟು ಹೆಚ್ಚಾಗಿರುವುದಕ್ಕೆ ಕಾರಣ ಅರ್ಧ ಶತಮಾನದ ಹಿಂದಿನ ಮುಖ್ಯೋಪಾಧ್ಯಾಯರ ಲೇಖನಿ. ಮಗುವಿನ ಕೈಹಿಡಿದು ಶಾಲೆಗೆ ಬಂದ ತಂದೆಗೆ ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ. ಹುತ್ತರಿಯ ಹಿಂದುಮುಂದೆಂದೋ, ಕೈಲ್‌ಪೊಳ್ದಿನ ಮಳೆಯಲ್ಲೆಂದೋ ಅವನು ಹೇಳಿದರೆ, ಮೇಷ್ಟ್ರು ಆ ವರ್ಷಕ್ಕೆ ಸರಿಹೊಂದುವಂತೆ ಜೂನ್ 1 ಎಂದು ದಾಖಲಾತಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅರುವತ್ತು ತುಂಬಿದ ತಿಂಗಳ ಕೊನೆಯ ದಿನ ಸೇವೆಯಿಂದ ಬಿಡುಗಡೆಯೆಂಬುದು ನಮ್ಮ ರಾಜ್ಯದ ನಿಯಮವಾದರೂ, ತಿಂಗಳ ಮೊದಲನೆಯ ದಿನ ಹುಟ್ಟಿದವರು ಅದರ ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕಾಗುತ್ತದೆ. ಹೀಗಾಗಿ ಯಾರೋ ಒಬ್ಬ ಪುಣ್ಯಾತ್ಮರು ಅಂದು ಅನುಕೂಲಕ್ಕಾಗಿ ಬರೆದ ಒಂದು ತಾರೀಖಿನಿಂದ, ಕೊಡಗಿನ ಎಷ್ಟೋ ಅಧ್ಯಾಪಕರ ಬೀಳ್ಕೊಡುಗೆ ಮುಂಗಾರಿನ ಬಾಗಿಲಲ್ಲಿ, ಶಾಲೆ ತೆರೆದ ಮೊದಲ ವಾರದಲ್ಲಿಯೇ ಬಂದುಬಿಡುತ್ತದೆ.

ಬಹುಕಾಲ ಕನ್ನಡವನ್ನು ಕಲಿಸಿ ನಿವೃತ್ತನಾದವನು ನಾನು. ಆ ಕಾರಣದಿಂದಲೋ ಏನೋ, ಮೇ ತಿಂಗಳ ಮಧ್ಯಭಾಗದಿಂದ ಸುತ್ತಣ ಶಾಲೆಗಳ ಕಿರಿಯ ಅಧ್ಯಾಪಕರು ತಾವು ಬರೆದ ಅಭಿನಂದನಾ ಭಾಷಣಗಳನ್ನು ತಂದು, "ಒಂದಿಷ್ಟು ನೋಡಿಕೊಡಿ ಸಾರ್" ಎಂದು ಕೈಗಿಡುವುದುಂಟು. ನೋಡಿಕೊಡುವುದೆಂದರೆ ಕಾಗುಣಿತ ತಿದ್ದುವುದೆಂದು ಅವರಲ್ಲಿ ಹೆಚ್ಚಿನವರು ಭಾವಿಸಿರುತ್ತಾರೆ. ಆದರೆ ಕಾಗುಣಿತದ ತಪ್ಪು ಕಿವಿಗೆ ಕೇಳಿಸುವುದಿಲ್ಲ. ಸಭೆಯಲ್ಲಿ ಕೇಳಿಸುವುದು ಬೇರೆಯೇ: ಹೇಳಿದ ಸಂಗತಿ ನಡೆದದ್ದು ಹೌದೇ, ಹೇಳುವವರಿಗೆ ಆ ಮನುಷ್ಯನ ಮೇಲೆ ನಿಜವಾಗಿಯೂ ಪ್ರೀತಿ ಇದೆಯೇ, ಮತ್ತು ಆ ಪ್ರೀತಿಯನ್ನು ಕೇಳುವವರು ಎಷ್ಟು ಹೊತ್ತು ಕುಳಿತು ಕೇಳಬಲ್ಲರು ಎಂಬುದು. ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದೆಂದು ಮೊದಲು ನಾನು ತಿಳಿದಿದ್ದೆನಾದರೂ, ಇವು ಒಂದಕ್ಕೊಂದು ಹೆಣೆದುಕೊಂಡಿವೆಯೆಂಬುದು, ಅದರಲ್ಲಿಯೂ ಸತ್ಯವಾದ ಸಂಗತಿಯೇ ಬಹುಪಾಲು ಬೆಚ್ಚಗಿನ ಸಂಗತಿಯೂ ಆಗಿರುತ್ತದೆಂಬುದು, 2025ರ ಮೇ ತಿಂಗಳಲ್ಲಿ ನನ್ನ ಕೈಗೆ ಬಂದ ಒಂದು ಬರಹದಿಂದ ಮನದಟ್ಟಾಯಿತು.

ಅದನ್ನು ತಂದವರು ಕಾವೇರಿಯ ದಡದಲ್ಲಿ, ಸಿದ್ದಾಪುರ ನೆಲ್ಯಹುದಿಕೇರಿಗಳ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಹಾವೇರಿ ಜಿಲ್ಲೆಯವರು, ಕೊಡಗಿಗೆ ಬಂದು ಎರಡು ಮಳೆಗಾಲ ಕಳೆದಿದ್ದವು. ನಿವೃತ್ತರಾಗಲಿದ್ದವರು ಆ ಶಾಲೆಯ ದೈಹಿಕ ಶಿಕ್ಷಕರು, ಮಕ್ಕಳ ಬಾಯಲ್ಲಿ ಪಿ.ಟಿ. ಸಾರ್. ಅಭಿನಂದನಾ ನುಡಿಯ ಹೊಣೆಯನ್ನು ಮುಖ್ಯೋಪಾಧ್ಯಾಯರು ಈಕೆಗೆ ವಹಿಸಿದ್ದರು; ಭಾಷೆ ಕಲಿಸುವವರಿಗೆ ಭಾಷಣವೂ ಸೇರುತ್ತದೆಂಬುದು ಎಲ್ಲ ಶಾಲೆಗಳ ಅಲಿಖಿತ ಕಟ್ಟಳೆ. ಪೂರ್ಣ ಅಳತೆಯ ಎಂಟು ಹಾಳೆ, ದುಂಡಾದ ಅಕ್ಷರ, ಅಂಚು ಬಿಟ್ಟು ಬರೆದ ಶುಭ್ರವಾದ ಪ್ರತಿ. ಅಷ್ಟು ಶ್ರದ್ಧೆಯಿಂದ ಬರೆದದ್ದನ್ನು ಕಂಡಾಗ ಕೆಂಪು ಶಾಯಿಯ ಲೇಖನಿಯನ್ನು ಕೈಗೆತ್ತಿಕೊಳ್ಳಲು ಮನಸ್ಸಾಗುವುದಿಲ್ಲ. ಆದ್ದರಿಂದ ನಾನು ಬರಹವನ್ನು ಆಕೆಗೇ ಹಿಂದಿರುಗಿಸಿ, ಜಗಲಿಯ ಆ ತುದಿಯಲ್ಲಿ ನಿಂತು, ಸಭೆಯಲ್ಲಿ ಓದುವಂತೆಯೇ ಓದಬೇಕೆಂದು ಕೇಳಿಕೊಂಡು, ಗಡಿಯಾರವನ್ನು ನೋಡುತ್ತ ಈ ತುದಿಯಲ್ಲಿ ಕುಳಿತೆ.

ಹೀಗೆ ಮಾಡುವುದಕ್ಕೆ ಕಾರಣವಿದೆ. ಕಣ್ಣಿನಲ್ಲಿ ಓದಿಕೊಂಡಾಗ ಎಂಟು ಹಾಳೆ ಐದಾರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬರೆದವರು ಆ ಲೆಕ್ಕವನ್ನೇ ನಂಬಿ ವೇದಿಕೆ ಹತ್ತುತ್ತಾರೆ. ನಿಂತು, ಹಿಂದಿನ ಸಾಲಿಗೆ ಕೇಳಿಸುವಷ್ಟು ಗಟ್ಟಿಯಾಗಿ, ವಾಕ್ಯದ ಕೊನೆಗೆ ಉಸಿರೆಳೆದುಕೊಂಡು ಓದಿದರೆ ಕೈಬರಹದ ಒಂದು ಪೂರ್ಣ ಹಾಳೆಗೆ ಎರಡು ನಿಮಿಷಕ್ಕೂ ಮೀರಿ ಬೇಕು. ಆಕೆ ಓದಿ ಮುಗಿಸುವಾಗ ಹತ್ತೊಂಬತ್ತು ನಿಮಿಷವಾಗಿತ್ತು. ಸಭೆಯಲ್ಲಿ ಕಂಠ ಬಿಗಿದು ಒಂದೆರಡು ಬಾರಿ ನಿಲ್ಲುವುದೂ, ಚಪ್ಪಾಳೆಗಾಗಿ ಕಾಯುವುದೂ ಸೇರಿದರೆ ಇಪ್ಪತ್ತೊಂದಾದೀತು. ಅಂದಿನ ಕಾರ್ಯಕ್ರಮದ ಪಟ್ಟಿಯಲ್ಲಾದರೋ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅಭಿನಂದನಾ ನುಡಿ, ಸನ್ಮಾನಪತ್ರದ ವಾಚನ, ಸನ್ಮಾನ, ಹಳೆಯ ವಿದ್ಯಾರ್ಥಿಗಳ ಮಾತು, ಅತಿಥಿಗಳ ಮಾತು, ಸನ್ಮಾನಿತರ ಉತ್ತರ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಲ್ಲವೂ ಇದ್ದವು. ಸಭೆ ಸೇರುವುದು ಶನಿವಾರ ಮಧ್ಯಾಹ್ನದ ಊಟವಾದ ಮೇಲೆ. ದೂರದ ಊರುಗಳಿಂದ ಬರುವ ಹಳೆಯ ಸಹೋದ್ಯೋಗಿಗಳು ಸಂಜೆ ಐದು ಗಂಟೆಯ ಬಸ್ಸನ್ನು ತಪ್ಪಿಸಿಕೊಂಡರೆ ಆಮೇಲೆ ಅವರಿಗೆ ಗತಿಯಿಲ್ಲ. ಹೀಗಿರುವಲ್ಲಿ ಒಬ್ಬರು ಇಪ್ಪತ್ತು ನಿಮಿಷ ತೆಗೆದುಕೊಂಡರೆ ಕೊರತೆ ಬೀಳುವುದು ಕೊನೆಕೊನೆಗೆ ಮಾತನಾಡಬೇಕಾದ ಸನ್ಮಾನಿತರಿಗೇ. ಯಾರ ಸಲುವಾಗಿ ಸಭೆ ಕೂಡಿತೋ ಅವರು ಎದ್ದು ನಿಲ್ಲುವ ವೇಳೆಗೆ ಅರ್ಧ ಸಭೆ ಕೊಡೆಗಳನ್ನು ಹುಡುಕುತ್ತಿರುತ್ತದೆ.

ಇನ್ನೊಂದು ಮಾತು ಕೊಡಗಿಗೇ ವಿಶೇಷವಾದದ್ದು. ಆ ಶಾಲೆಯ ಸಭಾಂಗಣದ ಮಾಡು ತಗಡಿನದು. ಜೋರು ಮಳೆ ಹಿಡಿದರೆ ಅದರ ಕೆಳಗೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸದು. ವಿದ್ಯುತ್ತು ಹೋದರಂತೂ ಧ್ವನಿವರ್ಧಕವೂ ಇಲ್ಲ. ಆ ವರ್ಷ ಮುಂಗಾರು ವಾಡಿಕೆಗಿಂತ ಒಂದು ವಾರ ಮೊದಲೇ, ಮೇ 24ರಂದೇ, ಕೇರಳವನ್ನು ಮುಟ್ಟಿ ಕೊಡಗಿನಲ್ಲಿ ಬಿರುಸಾಗಿ ಸುರಿಯತೊಡಗಿತ್ತು. ಮಳೆಯ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಮುಗಿಯಬೇಕಾದ ಭಾಷಣವಿದು ಎಂದು ನಾನು ಹೇಳಿದಾಗ ಆಕೆಗೆ ಆ ಮಾತು ತಟ್ಟಿತು. ಏಳು ನಿಮಿಷ, ಎಂದರೆ ಮೂರು ಹಾಳೆ, ಎಂದು ನಿರ್ಧರಿಸಿಕೊಂಡೆವು. ವಾಕ್ಯಗಳೂ ಗಿಡ್ಡವಾಗಬೇಕು, ಉದ್ದನೆಯ ವಾಕ್ಯದ ನಡುವೆ ಮಳೆ ಹೊಡೆದರೆ ಕ್ರಿಯಾಪದ ಕೊಚ್ಚಿಹೋಗಿ ಯಾರು ಏನು ಮಾಡಿದರೆಂಬುದೇ ತಿಳಿಯದು. ಮನೆಯಲ್ಲಿ ಕುಳಿತು ಪ್ರಬಂಧ ಬರೆಯುವ ನನ್ನಂಥವರಿಗೆ ಈ ನಿರ್ಬಂಧವಿಲ್ಲ; ವೇದಿಕೆಯ ಮೇಲೆ ನಿಲ್ಲುವವರಿಗೆ ಇದೆ.

ಕತ್ತರಿಸುವ ಕೆಲಸ ಆಕೆ ಅಂಜಿದಷ್ಟು ಕಠಿನವಾಗಲಿಲ್ಲ. ಮೊದಲನೆಯ ಹಾಳೆಯಲ್ಲಿ ಮುಕ್ಕಾಲು ಪಾಲು ವೇದಿಕೆಯ ಗಣ್ಯರ ಹೆಸರು ಮತ್ತು ಪದವಿಗಳಾಗಿದ್ದವು. ಸ್ವಾಗತ ಭಾಷಣ ಮಾಡುವವರು ಅವರೆಲ್ಲರನ್ನೂ ಹೆಸರಿಸಿಯೇ ಇರುತ್ತಾರಾದ ಕಾರಣ, "ಎಲ್ಲರಿಗೂ ನಮಸ್ಕಾರ" ಎಂಬುದೊಂದೇ ಸಾಕಾಯಿತು. ಎರಡು ಮೂರನೆಯ ಹಾಳೆಗಳಲ್ಲಿದ್ದ ಜನನ, ವಿದ್ಯಾಭ್ಯಾಸ, ನೇಮಕಾತಿ, ವರ್ಗಾವಣೆಗಳ ವಿವರವೆಲ್ಲ ಸನ್ಮಾನಪತ್ರಕ್ಕೆ ಸೇರತಕ್ಕದ್ದು. ಅದು ಚೌಕಟ್ಟು ಹಾಕಿಸಿಕೊಂಡು ಅವರ ಮನೆಯ ಗೋಡೆಯ ಮೇಲೆ ಉಳಿಯುವಂಥದು; ತಾರೀಖುಗಳು ಇರಬೇಕಾದ ಸ್ಥಳ ಅದು. ಅಷ್ಟನ್ನು ಅಲ್ಲಿಗೆ ಕಳುಹಿಸುವ ಮೊದಲು ಶಾಲೆಯ ಕಚೇರಿಯಲ್ಲಿದ್ದ ಸೇವಾ ಪುಸ್ತಕದ ಮೊದಲ ಪುಟದೊಡನೆ ಹೋಲಿಸಿ ನೋಡಿದೆವು. "ಮೂವತ್ತೈದು ವರ್ಷಗಳ ಸುದೀರ್ಘ ಸೇವೆ" ಎಂದು ಬರಹದಲ್ಲಿತ್ತು. ಅವರು ಸರ್ಕಾರಿ ಸೇವೆಗೆ ಸೇರಿದ್ದು 1994ರ ಜುಲೈಯಲ್ಲಿ. ಎಂದರೆ ಮೂವತ್ತೊಂದಕ್ಕೆ ಒಂದು ತಿಂಗಳು ಕಡಿಮೆ. ಅದಕ್ಕೂ ಮೊದಲು ಒಂದು ಖಾಸಗಿ ಶಾಲೆಯಲ್ಲಿ ದುಡಿದಿದ್ದ ಕಾಲವನ್ನು ಯಾರೋ ಅಂದಾಜಿನಿಂದ ಕೂಡಿಸಿ ಹೇಳಿದ್ದರು. ಇದು ಸಣ್ಣ ತಪ್ಪೆನಿಸಬಹುದು. ಆದರೆ ಪಿಂಚಣಿಯ ಕಾಗದಗಳನ್ನು ತಿಂಗಳುಗಟ್ಟಲೆ ಎದುರಿಗಿಟ್ಟುಕೊಂಡು ಕುಳಿತಿರುವ ಮನುಷ್ಯನಿಗೆ ತನ್ನ ಸೇವಾವಧಿ ದಿನದ ಲೆಕ್ಕದಲ್ಲಿ ಬಾಯಿಪಾಠವಾಗಿರುತ್ತದೆ. ಅದನ್ನು ತಪ್ಪಾಗಿ ಹೇಳಿದೊಡನೆ, ಮುಂದೆ ಹೇಳುವುದನ್ನೂ ಅವರು ಅದೇ ಅಳತೆಯಿಂದ ಕೇಳತೊಡಗುತ್ತಾರೆ.

ನಾಲ್ಕನೆಯ ಹಾಳೆಯಲ್ಲಿ ಇನ್ನೊಂದು ಸಂಗತಿ ಇತ್ತು. ಪಿ.ಟಿ. ಸಾರ್ ಮಡಿಕೇರಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, 1984ರಲ್ಲಿ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಅಮೃತಹಸ್ತದಿಂದ ಹಾಕಿಯ ಬಹುಮಾನವನ್ನು ಸ್ವೀಕರಿಸಿದರು ಎಂದು. ಕಾರ್ಯಪ್ಪನವರು ಸೇನೆಯ ಮಹಾದಂಡನಾಯಕ ಪದವಿಯಿಂದ ನಿವೃತ್ತರಾದದ್ದು 1953ರಲ್ಲಿ. ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ಸಂದದ್ದು ಮೂವತ್ತಮೂರು ವರ್ಷಗಳಾದ ಮೇಲೆ, 1986ರಲ್ಲಿ. 1984ರಲ್ಲಿ ಅವರನ್ನು ಎಲ್ಲರೂ ಜನರಲ್ ಕಾರ್ಯಪ್ಪ ಎಂದೇ ಕರೆಯುತ್ತಿದ್ದರು. ಇಂತಹ ಕಾಲವ್ಯತ್ಯಾಸ ಕಂಡಾಗ ನಾನು ಬಿರುದನ್ನಷ್ಟೇ ತಿದ್ದಿ ಮುಂದಕ್ಕೆ ಹೋಗುವುದಿಲ್ಲ. ಆ ಕಥೆ ನಡೆದ ಕಾಲದಲ್ಲಿ ಹುಟ್ಟಿದ್ದಲ್ಲ, ಆಮೇಲೆ ಬಾಯಿಂದ ಬಾಯಿಗೆ ಬೆಳೆದದ್ದು ಎಂಬುದರ ಸೂಚನೆಯದು. ಅವರ ಮನೆಯವರನ್ನು ಗುಟ್ಟಾಗಿ ವಿಚಾರಿಸಿದಾಗ, ಬಹುಮಾನ ಬಂದದ್ದು ನಿಜ, ಪ್ರಶಸ್ತಿಪತ್ರದಲ್ಲಿರುವುದು ಪ್ರಾಂಶುಪಾಲರ ರುಜು, ಜನರಲ್ ಸಾಹೇಬರನ್ನು ಅವರು ಗುಂಪಿನ ನಡುವಿನಿಂದ ಕಂಡದ್ದಷ್ಟೇ ಎಂದು ತಿಳಿಯಿತು. ಆ ಭಾಗವನ್ನು ಪೂರ್ತಿಯಾಗಿ ತೆಗೆದುಹಾಕಿದೆವು. ಕೊಡಗಿನ ಸಭೆಯಲ್ಲಿ ಸೇನೆಯ ವಿಷಯವಾಗಿಯೂ ಹಾಕಿಯ ವಿಷಯವಾಗಿಯೂ ಹೆಚ್ಚುಕಡಿಮೆ ಹೇಳಿ ದಾಟಿಕೊಳ್ಳುವುದು ಸಾಧ್ಯವಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದಂದಿನಿಂದ, ಯಾವ ಮನೆತನ ಯಾವ ವರ್ಷ ಯಾರೊಡನೆ ಸೋತಿತೆಂಬುದನ್ನು ಬೆರಳ ಮೇಲೆ ಎಣಿಸಿ ಹೇಳುವವರು ಪ್ರತಿ ಸಾಲಿನಲ್ಲಿಯೂ ಕುಳಿತಿರುತ್ತಾರೆ.

ಇನ್ನು ಭಾಷಣದ ಶಿಖರವೆಂದು ಆಕೆ ಭಾವಿಸಿದ್ದ ಪ್ರಸಂಗ. "2018ರ ಆಗಸ್ಟಿನ ಜಲಪ್ರಳಯದಲ್ಲಿ ತಮ್ಮ ಪ್ರಾಣದ ಹಂಗು ತೊರೆದು, ಕುತ್ತಿಗೆಮಟ್ಟದ ನೀರಿನಲ್ಲಿ ಈಜಿ, ಹತ್ತಾರು ಮಕ್ಕಳನ್ನು ರಕ್ಷಿಸಿದ ಮಹಾನುಭಾವರು" ಎಂದು ಒಂದು ಇಡೀ ಹಾಳೆ ಇದಕ್ಕೆ ಮೀಸಲಾಗಿತ್ತು. ಓದುವಾಗ ಆಕೆಯ ಧ್ವನಿಯೂ ಏರಿತು.

"ಇದನ್ನು ಯಾರು ಹೇಳಿದರಮ್ಮ?" ಎಂದು ಕೇಳಿದೆ.

"ಎಲ್ಲರೂ ಹೇಳ್ತಾರೆ ಸಾರ್."

"ಕಂಡವರು ಯಾರು?"

ಅದಕ್ಕೆ ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಅದನ್ನ ನಾನು ಕೇಳಿಲ್ಲ ಸಾರ್" ಎಂದರು.

ಹೊರಗಿನಿಂದ ಬಂದವರು ಈ ವಿಷಯದಲ್ಲಿ ಎಡವುವುದು ಸಹಜ; ಇಲ್ಲಿಯೇ ಹುಟ್ಟಿಬೆಳೆದವರೂ ಎಡವುತ್ತಾರೆ. ಮೂರು ವರ್ಷ ಒಂದರ ಹಿಂದೊಂದರಂತೆ ಆಗಸ್ಟ್ ತಿಂಗಳು ಕೊಡಗನ್ನು ಹಿಂಡಿತು. 2018ರ ಆಗಸ್ಟ್ ಮಧ್ಯಭಾಗದಲ್ಲಿ ಆದದ್ದು ಮುಖ್ಯವಾಗಿ ಗುಡ್ಡಗಳ ಕುಸಿತ. ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ, ಜೋಡುಪಾಲ, ಹೀಗೆ ಮಡಿಕೇರಿಯ ಸುತ್ತಣ ಊರುಗಳಲ್ಲಿ ಬೆಟ್ಟವೇ ಕೆಸರಾಗಿ ಇಳಿಯಿತು. 2019ರ ಆಗಸ್ಟಿನಲ್ಲಿ ತೋರದಲ್ಲಿ ಗುಡ್ಡ ಜಾರಿದ್ದಲ್ಲದೆ, ಕಾವೇರಿ ದಡ ಮೀರಿ ಕರಡಿಗೋಡು, ನೆಲ್ಯಹುದಿಕೇರಿಗಳ ನದೀತೀರದ ಮನೆಗಳನ್ನು ಕೆಡವಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿಯಿತು. ಕಾಲ ಸರಿದಂತೆ ಈ ಮೂರೂ ಜನರ ನೆನಪಿನಲ್ಲಿ ಬೆರೆತು "ಆ ಮಹಾಮಳೆ" ಎಂಬ ಒಂದೇ ಹೆಸರನ್ನು ತಾಳಿವೆ. ಆದರೆ ಆ ಶಾಲೆಯಿರುವುದು ನದಿಯ ದಂಡೆಯಲ್ಲಿ; ಅಲ್ಲಿ ನೀರಿನ ಕಥೆ ನಡೆದಿದ್ದರೆ ಅದು 2019ರದ್ದಾಗಿರುವ ಸಂಭವವೇ ಹೆಚ್ಚು. ವರ್ಷ ತಪ್ಪಿರುವಲ್ಲಿ ಉಳಿದದ್ದೂ ತಪ್ಪಿರಬಹುದೆಂಬ ಸಂದೇಹದಿಂದ, ಅಂದು ಅಲ್ಲಿದ್ದವರನ್ನೇ ಕೇಳಿಕೊಂಡು ಬರುವಂತೆ ಆಕೆಗೆ ಹೇಳಿದೆ. ಮುಖ್ಯೋಪಾಧ್ಯಾಯರು ಆಮೇಲೆ ಬಂದವರು. ಸಹಶಿಕ್ಷಕರಲ್ಲಿ ಅನೇಕರಿಗೆ ಅಷ್ಟರಲ್ಲಿ ವರ್ಗಾವಣೆಯಾಗಿತ್ತು. ಯಾವ ಶಾಲೆಯಲ್ಲಿಯೂ ಬಹುಕಾಲ ಒಂದೇ ಕಡೆ ಇರುವವರು ಬಿಸಿಯೂಟದ ಅಡುಗೆಯವರು. ಅವರಲ್ಲಿ ವಿಚಾರಿಸುವುದು ಯಾರಿಗೂ ಹೊಳೆದಿರುವುದಿಲ್ಲ.

ಆ ಅಡುಗೆಯಮ್ಮ ಹೇಳಿದ ಸಂಗತಿ ಹೀಗಿತ್ತು. ಈಜಿದವರು ಯಾರೂ ಇಲ್ಲ. ನೀರಿನ ಆ ರಭಸದಲ್ಲಿ ಈಜುವ ಮಾತೂ ಇಲ್ಲ. ದಡದ ಮನೆಗಳ ಜನರನ್ನು ದೋಣಿಗಳಲ್ಲಿ ಕರೆತರುತ್ತಿದ್ದರು. ರಾತ್ರಿಯ ಹೊತ್ತು ಶಾಲೆಯ ಬೀಗ ತೆಗೆಯುವವರು ಬೇಕೆಂದಾಗ ಪಿ.ಟಿ. ಸಾರ್ ಟಾರ್ಚ್ ಹಿಡಿದು ಬಂದು ಎಲ್ಲ ಕೊಠಡಿಗಳನ್ನೂ ತೆರೆದರು. ಕಚೇರಿಯ ಕೆಳಗಿನ ಕಪಾಟಿನಲ್ಲಿದ್ದ ದಾಖಲಾತಿ ಪುಸ್ತಕಗಳನ್ನು, ನೀರು ಅಲ್ಲಿಯವರೆಗೆ ಬಂದರೂ ಬರಬಹುದೆಂದು, ಬೆಂಚುಗಳ ಮೇಲೆ ಬೆಂಚು ಪೇರಿಸಿ ಎತ್ತರದಲ್ಲಿಟ್ಟರು. ಆಮೇಲೆ ಆ ಶಾಲೆಯೇ ಪರಿಹಾರ ಶಿಬಿರವಾಯಿತು. ಶಿಬಿರ ನಡೆದಷ್ಟು ಕಾಲ ಪ್ರತಿ ಸಂಜೆ ಅವರು ಒಂದು ಕೊಠಡಿಯ ಕಪ್ಪುಹಲಗೆಯ ಮೇಲೆ ಪಟ್ಟಿ ಮಾಡುತ್ತಿದ್ದರು: ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು, ಯಾರ ಪಡಿತರ ಚೀಟಿ ನೀರು ಪಾಲಾಯಿತು, ಯಾವ ಹುಡುಗಿಯ ಹತ್ತನೆಯ ತರಗತಿಯ ಅಂಕಪಟ್ಟಿ ಹೋಯಿತು, ಯಾವ ಮಗುವಿಗೆ ಯಾವ ಪಾಠಪುಸ್ತಕ ಇಲ್ಲ. ಬೆಳಿಗ್ಗೆ ಬರುವ ಅಧಿಕಾರಿಗಳಿಗೆ ಆ ಹಲಗೆಯನ್ನು ತೋರಿಸುವುದು. ದೊರೆತದ್ದನ್ನು ಒರಸಿ, ದೊರೆಯದ್ದನ್ನು ಉಳಿಸಿ, ಸಂಜೆ ಹೊಸದನ್ನು ಸೇರಿಸುವುದು. ಶಾಲೆಯ ಗುಮಾಸ್ತರ ಮೊಬೈಲಿನಲ್ಲಿ ಆ ಹಲಗೆಯ ಒಂದು ಚಿತ್ರ ಉಳಿದಿತ್ತು. ಅಂಕಪಟ್ಟಿಯ ನಕಲಿಗಾಗಿ ಶಾಲೆಯಿಂದ ಹೋದ ಅರ್ಜಿಗಳ ಪ್ರತಿಗಳೂ ಕಡತದಲ್ಲಿದ್ದವು. ಅವುಗಳ ಮೇಲಿದ್ದ ತಾರೀಖುಗಳು 2019ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳವು.

ಇದನ್ನು ಕೇಳಿಕೊಂಡು ಬಂದ ಆಕೆಯ ಮುಖ ಮೊದಲು ಬಾಡಿತ್ತು. ಈಜುವ ಪ್ರಸಂಗ ಹೋದರೆ ಭಾಷಣದಲ್ಲಿ ಉಳಿಯುವುದೇನು ಎಂಬುದು ಅವರ ಚಿಂತೆ. ನನಗನ್ನಿಸಿದ್ದು ಅದಕ್ಕೆ ತೀರ ವಿರುದ್ಧ. ಕುತ್ತಿಗೆಮಟ್ಟದ ನೀರಿನಲ್ಲಿ ಈಜಿದ ಮಹಾನುಭಾವನನ್ನು ನಾವು ಎಷ್ಟೋ ಚಲನಚಿತ್ರಗಳಲ್ಲಿ ಕಂಡಿದ್ದೇವೆ. ಆ ಸಾಹಸವನ್ನು ಯಾರ ಹೆಸರಿಗೆ ಬೇಕಾದರೂ ಅಂಟಿಸಬಹುದು. ಮನೆ ಕಳೆದುಕೊಂಡು ತಾಯಿಯ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದ ಒಬ್ಬ ಹುಡುಗಿಗೆ, ತನ್ನ ಅಂಕಪಟ್ಟಿಯ ವಿಷಯವನ್ನು ಯಾರೋ ಒಬ್ಬರು ಹಲಗೆಯ ಮೇಲೆ ಬರೆದಿದ್ದಾರೆ, ಅದು ದೊರೆಯುವ ತನಕ ಅಳಿಸುವುದಿಲ್ಲ ಎಂಬ ಭರವಸೆಯನ್ನು ಕೊಟ್ಟ ಮನುಷ್ಯ ಮಾತ್ರ ಇವರೊಬ್ಬರೇ. ಆಟೋಟದ ಅಂಕಗಳನ್ನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದ ಕೈಗೆ ಆ ಪಟ್ಟಿ ಬರೆಯುವುದು ಹೊಳೆಯಿತು. ಸುಳ್ಳಾದ ಪ್ರಸಂಗಕ್ಕೆ ಒಂದು ಹಾಳೆ ಬೇಕಾಗಿತ್ತು. ನಿಜವಾದದ್ದು ಹನ್ನೆರಡು ಸಾಲಿನಲ್ಲಿ ಮುಗಿಯಿತು. ಒಂದು ಪ್ರಸಂಗವನ್ನು ನಿಲ್ಲಿಸಲು ವಿಶೇಷಣಗಳನ್ನು ಎಷ್ಟು ಹೇರಬೇಕಾಗುತ್ತದೆಯೋ ಅಷ್ಟರಮಟ್ಟಿಗೆ ಅದರ ನಿಜವನ್ನು ಶಂಕಿಸಬೇಕೆಂಬುದು ಆ ದಿನದಿಂದ ನನಗೆ ಒಂದು ಒರೆಗಲ್ಲಾಗಿದೆ.

ನಿಜವಾದುದನ್ನೆಲ್ಲ ಹೇಳಬಹುದೆಂದೂ ಅಲ್ಲ. ಬರಹದಲ್ಲಿ ಇನ್ನೊಂದು ಪ್ರಸಂಗವಿತ್ತು: ಬರಿಗಾಲಿನಲ್ಲಿ ಆಡುತ್ತಿದ್ದ ಬಡ ಹುಡುಗನಿಗೆ ಪಿ.ಟಿ. ಸಾರ್ ತಮ್ಮ ಸಂಬಳದಿಂದ ಶೂ ಕೊಡಿಸಿ ಅಂತರಜಿಲ್ಲಾ ಪಂದ್ಯಕ್ಕೆ ಕರೆದೊಯ್ದದ್ದು. ವಿಚಾರಿಸಲಾಗಿ ಅದು ಅಕ್ಷರಶಃ ನಿಜವೆಂದು ತಿಳಿಯಿತು. ಆದರೆ ಆ ಹುಡುಗ ಈಗ ಅದೇ ಊರಿನಲ್ಲಿ ಸಂಸಾರಸ್ಥನಾಗಿ, ಬಾಡಿಗೆಯ ಜೀಪು ಓಡಿಸಿಕೊಂಡಿದ್ದಾನೆ. ಅವನ ಮಗಳು ಆಗ ಅದೇ ಶಾಲೆಯ ಎಂಟನೆಯ ತರಗತಿಯಲ್ಲಿದ್ದಳು. ಹೆಸರು ಹೇಳದಿದ್ದರೂ ಸಣ್ಣ ಊರಿನಲ್ಲಿ ಯಾರೆಂಬುದು ಕ್ಷಣಮಾತ್ರದಲ್ಲಿ ತಿಳಿದುಹೋಗುತ್ತದೆ. ಮೇಡಂ ಅವನನ್ನೇ ಕಂಡು ಕೇಳಿದರು. "ಸಾರ್ ಇದುವರೆಗೆ ಯಾರ ಹತ್ರಾನೂ ಹೇಳಿಲ್ಲ ಮೇಡಂ, ಈಗಲೂ ಬೇಡ" ಎಂದನಂತೆ. ಹತ್ತಿರ ಹತ್ತಿರ ಮೂವತ್ತು ವರ್ಷ ಆ ಅಧ್ಯಾಪಕರೇ ಕಾಪಾಡಿಕೊಂಡು ಬಂದ ಮೌನವನ್ನು ಅವರ ಬೀಳ್ಕೊಡುಗೆಯ ದಿನ ನಾವು ಮುರಿಯುವುದು ಉಚಿತವಲ್ಲವೆಂದು ಅದನ್ನು ಬಿಟ್ಟೆವು.

ಭಾಷೆಯ ವಿಷಯದಲ್ಲಿ ನಾನು ಹೆಚ್ಚು ಕೈಯಾಡಿಸಿದ್ದು ಕ್ರಿಯಾಪದಗಳ ಮೇಲೆ. "ಶಿಸ್ತಿನ ಸಿಪಾಯಿಯಾಗಿದ್ದರು", "ಮಕ್ಕಳನ್ನು ಅಪಾರವಾಗಿ ಪ್ರೀತಿಸುತ್ತಿದ್ದರು", "ಅವರ ಅಗಲಿಕೆ ಶಾಲೆಗೆ ತುಂಬಲಾರದ ನಷ್ಟ" ಎಂದು ಪುಟಪುಟದಲ್ಲಿಯೂ ಇತ್ತು. ಈ ಮಾತುಗಳು ನಮ್ಮ ಕಿವಿಗೆ ಬಿದ್ದಿರುವುದು ಬಹುಮಟ್ಟಿಗೆ ಶ್ರದ್ಧಾಂಜಲಿ ಸಭೆಗಳಲ್ಲಿ. ಹಾರ ಹಾಕಿಸಿಕೊಂಡು ಎದುರಿಗೆ ಕುಳಿತಿರುವ, ನಾಳೆ ಬೆಳಿಗ್ಗೆ ಎದ್ದು ಕಾಫಿ ತೋಟದಲ್ಲಿ ಕಪಾತು ಮಾಡಿಸಲು ಹೊರಡುವ ಆರೋಗ್ಯವಂತರೊಬ್ಬರ ಬಗ್ಗೆ, ಪಕ್ಕದಲ್ಲಿ ಅವರ ಪತ್ನಿಯೂ ಕುಳಿತಿರುವಾಗ, ಭೂತಕಾಲದಲ್ಲಿ ಮಾತನಾಡುವುದನ್ನು ಕೇಳಿದರೆ ಮನಸ್ಸಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಗುಣಗಳನ್ನು ಹೇಳುವಲ್ಲೆಲ್ಲ ವರ್ತಮಾನಕಾಲ, ನಡೆದ ಘಟನೆಯನ್ನು ಹೇಳುವಲ್ಲಿ ಮಾತ್ರ ಭೂತಕಾಲ ಎಂದು ಗೊತ್ತುಮಾಡಿಕೊಂಡೆವು. "ಅವರು" ಎಂದಿದ್ದುದನ್ನು ಕೊನೆಯ ಅರ್ಧ ಹಾಳೆಯಲ್ಲಿ "ನೀವು" ಎಂದು ಮಾಡಿದೆವು. ಅಲ್ಲಿಗೆ ಬಂದಾಗ ಸಭೆಯ ಕಡೆಯಿಂದ ಅವರ ಕಡೆಗೆ ತಿರುಗಿ ನಿಲ್ಲಬೇಕೆಂದು ಅಂಚಿನಲ್ಲಿ ಗುರುತು ಹಾಕಿಕೊಂಡರು. ಅಜಾತಶತ್ರು, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ವೃತ್ತಿಗೆ ನಿವೃತ್ತಿಯಾದರೂ ಪ್ರವೃತ್ತಿಗಿಲ್ಲ ಎಂಬ ಮಾತುಗಳಿಗೆ ಬೀಳ್ಕೊಡುಗೆ ಸಭೆಗಳಲ್ಲಿ ಕಾಯಂ ಆಸನವಿದೆ. ಅಂದು ಮಾತನಾಡುವ ಇನ್ನೂ ಐದಾರು ಮಂದಿ ಅವನ್ನು ಹೇಳಿಯೇ ಹೇಳುತ್ತಾರಾದ್ದರಿಂದ ಆಕೆ ಹೇಳುವ ಅಗತ್ಯವಿರಲಿಲ್ಲ.

ಇಷ್ಟೆಲ್ಲ ಆದರೂ ಒಂದು ಕೊರತೆ ಕಾಣುತ್ತಿತ್ತು. ಬರಹದಲ್ಲಿ ಊರವರ ಮಾತಿತ್ತು, ಅಡುಗೆಯಮ್ಮನ ಮಾತಿತ್ತು, ಸೇವಾ ಪುಸ್ತಕದ ಮಾತೂ ಇತ್ತು; ಭಾಷಣ ಮಾಡುವವರು ತಾವೇ ಕಂಡದ್ದು ಒಂದೂ ಇರಲಿಲ್ಲ. ಕೇಳಿದರೆ, "ನಾನು ಬಂದು ಎರಡೇ ವರ್ಷ ಸಾರ್, ಇಲ್ಲಿನವಳೂ ಅಲ್ಲ, ನಾನೇನು ಹೇಳಲಿ?" ಎಂದರು. ಬಂಟವಾಳದಲ್ಲಿ ಹುಟ್ಟಿ, ಘಟ್ಟ ಹತ್ತಿ ಬಂದು, ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು ಬರೆದ 'ಹುತ್ತರಿ ಹಾಡ'ನ್ನು ಇಂದಿಗೂ ಕೊಡಗಿನ ಮಕ್ಕಳು ತಮ್ಮದೆಂದು ಹಾಡುತ್ತಾರೆಂಬುದನ್ನು ಆಕೆಗೆ ನೆನಪಿಸಿದೆ. ಹೊರಗಿನಿಂದ ಬಂದ ಕಣ್ಣಿಗೆ ಮೊದಲ ವರ್ಷ ಕಾಣುವುದು ಒಳಗಿನವರಿಗೆ ಕಾಣುವುದೇ ಇಲ್ಲ. ಹೀಗೆ ಒತ್ತಾಯಿಸಿದ ಮೇಲೆ, ಬರಹಕ್ಕೆ ಯೋಗ್ಯವಲ್ಲವೆಂದು ತಾವು ಬಿಟ್ಟಿದ್ದ ಎರಡು ಸಂಗತಿಗಳನ್ನು ಸಂಕೋಚದಿಂದ ಹೇಳಿದರು.

ಮೊದಲನೆಯದು ಅವರ ಮೊದಲ ಜುಲೈ ತಿಂಗಳಿನದು. ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಬಾಡಿಗೆ ಮನೆಯ ಮೇಜಿನ ಮೇಲಿಟ್ಟು ಎರಡು ದಿನದ ಮೇಲೆ ನೋಡಿದರೆ ಕಾಗದವೆಲ್ಲ ತಣ್ಣಗೆ ಮೆತ್ತಗಾಗಿ, ಅಂಚಿನಲ್ಲಿ ಬೂಷ್ಟು ಹಿಡಿದಿತ್ತಂತೆ. ಹಾವೇರಿಯ ಕಡೆ ಹಾಗಾಗುವುದನ್ನು ಅವರು ಕಂಡಿರಲಿಲ್ಲ. ಕಣ್ಣೀರು ಬರುವಂತಾಗಿದ್ದಾಗ ಪಿ.ಟಿ. ಸಾರ್ ಆ ಕಟ್ಟನ್ನು ತೆಗೆದುಕೊಂಡು ಹೋಗಿ, ಶಾಲೆಯ ಅಡುಗೆಮನೆಯಲ್ಲಿ ಒಲೆಯ ಬಿಸಿ ತಟ್ಟುವ ಗೋಡೆಯ ಪಕ್ಕದಲ್ಲಿ ನಾಲ್ಕು ನಾಲ್ಕಾಗಿ ಬಿಡಿಸಿ ಹರಡಿ, ಸಂಜೆಗೆ ಗರಿಗರಿಯಾಗಿ ಹಿಂದಕ್ಕೆ ತಂದುಕೊಟ್ಟರು. ಇನ್ನುಮುಂದೆ ಸೆಪ್ಟೆಂಬರ್ ತನಕ ಕಾಗದಪತ್ರಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡಬೇಕೆಂದು ಹೇಳಿಕೊಟ್ಟರು. ಎರಡನೆಯದು ನಿತ್ಯದ್ದು. ಮಳೆಗಾಲದ ಬೆಳಿಗ್ಗೆ ತೋಟದ ದಾರಿಗಳಲ್ಲಿ ನಡೆದು ಬರುವ ಮಕ್ಕಳ ಸ್ವೆಟರು, ಕಾಲುಚೀಲಗಳು ತೊಯ್ದು ತೊಟ್ಟಿಕ್ಕುತ್ತಿರುತ್ತವೆ. ಮೊದಲನೆಯ ಗಂಟೆಯಲ್ಲಿ ಅವರು ಅವುಗಳನ್ನೆಲ್ಲ ಕೇಳಿ ತೆಗೆದುಕೊಂಡು, ಅಡುಗೆಮನೆಯಲ್ಲಿ ತಾವೇ ಕಟ್ಟಿದ ಹಗ್ಗದ ಮೇಲೆ ತರಗತಿವಾರು ಹರವಿ, ಮನೆಗೆ ಹೊರಡುವ ಹೊತ್ತಿಗೆ ಯಾರದು ಯಾರಿಗೆಂದು ತಪ್ಪದೆ ಹಿಂದಿರುಗಿಸುತ್ತಿದ್ದರು. ಆ ಕೆಲಸ ಯಾವ ಸುತ್ತೋಲೆಯಲ್ಲಿಯೂ ಇಲ್ಲ.

ಇದನ್ನು ಹೇಳುವಾಗ ಆಕೆಯ ಧ್ವನಿ ಏರಲಿಲ್ಲ, ಇಳಿಯಿತು. ಅದೇ ಭಾಷಣ ಎಂದು ನಾನು ಹೇಳಿದೆ. ಹೊಸ ಬರಹ ಒಲೆಯ ಪಕ್ಕದ ಉತ್ತರಪತ್ರಿಕೆಗಳಿಂದ ಆರಂಭವಾಗಿ, ಕಾಲುಚೀಲಗಳ ಹಗ್ಗವನ್ನು ಹಾಯ್ದು, 2019ರ ಕಪ್ಪುಹಲಗೆಗೆ ಬಂದು, ಅಲ್ಲಿಂದ ಅವರ ಕಡೆಗೆ ತಿರುಗಿ, "ಈ ಜೂನ್ ತಿಂಗಳಿನಿಂದ ಹಗ್ಗದ ಜವಾಬ್ದಾರಿ ನಮ್ಮದು ಸಾರ್, ನೀವು ಬಂದು ನೋಡಬೇಕು" ಎಂಬಲ್ಲಿಗೆ ಮುಗಿಯಿತು. ಕೈಯೆತ್ತಿ ಹಾರೈಸುವ ವಾಕ್ಯವೊಂದನ್ನು ಆಕೆ ಸೇರಿಸಿಕೊಂಡರು. ಆಯುರಾರೋಗ್ಯವನ್ನು ಹಾರೈಸುವುದು ನಮ್ಮ ಸಂಪ್ರದಾಯ, ಅದನ್ನು ನಾನು ತೆಗೆಯಲಿಲ್ಲ. ಮತ್ತೊಮ್ಮೆ ಜಗಲಿಯ ಆ ತುದಿಯಿಂದ ಓದಿಸಿದಾಗ ಏಳು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆಯಿತ್ತು.

31ರ ಶನಿವಾರ ಸಭೆ ನಡೆಯಿತು. ಆಕೆಯ ಮಾತು ಮುಗಿದ ಮೇಲೆ ಮಳೆ ಹೊಡೆದು, ಸನ್ಮಾನಪತ್ರವನ್ನು ಓದುವವರು ಕಾಲು ಗಂಟೆ ಕಾದುನಿಲ್ಲಬೇಕಾಯಿತು, ಆದರೂ ಪಿ.ಟಿ. ಸಾರ್‌ಗೆ ಉತ್ತರ ಹೇಳಲು ಬೇಕಾದಷ್ಟು ಹೊತ್ತು ದೊರೆಯಿತು, ದೂರದವರಿಗೆ ಐದು ಗಂಟೆಯ ಬಸ್ಸೂ ದೊರೆಯಿತು. ತಮ್ಮ ಉತ್ತರದಲ್ಲಿ ಅವರು ಕಪ್ಪುಹಲಗೆಯ ವಿಷಯವನ್ನೆತ್ತಿ, ಪಟ್ಟಿಯನ್ನು ಬರೆದವರು ತಾವಾದರೂ ಕಾಣೆಯಾದ ಪುಸ್ತಕಗಳ ಲೆಕ್ಕವನ್ನು ಕೊಠಡಿಯಿಂದ ಕೊಠಡಿಗೆ ತಿರುಗಿ ತಂದುಕೊಡುತ್ತಿದ್ದವರು ಅಡುಗೆಯಮ್ಮ ಎಂದು ಹೇಳಿ, ಬಾಗಿಲ ಬಳಿ ನಿಂತಿದ್ದ ಅವರನ್ನು ವೇದಿಕೆಗೆ ಕರೆಸಿದರು. ಆಕೆ ನಮಗೆ ಆ ಕಥೆಯನ್ನು ಹೇಳುವಾಗ ತಮ್ಮ ಪಾಲನ್ನು ಬಿಟ್ಟು ಹೇಳಿದ್ದರು. ಭಾಷಣದ ಒಂದು ಪ್ರತಿ ಈಗ ಆ ಶಾಲೆಯ ಕಡತದಲ್ಲಿದೆ. ಅದರ ಎರಡನೆಯ ಹಾಳೆಯ ಅಂಚಿನಲ್ಲಿ ಮೇಡಂ ಅಡುಗೆಯಮ್ಮನ ಆ ಪಾಲನ್ನೂ ಸೇರಿಸಿ ಬರೆದಿಟ್ಟಿದ್ದಾರೆ.